ಸ್ಪೋರ್ಟ್ಸ್ ಡೇಲಿ ಮೆಡಲ್ ಬರದ ಮಕ್ಕಳಿಗೆ ಪಿಟಿ ಟೀಚರ್ ಏನ್ ಹೇಳ್ಬೇಕು? ಎರಡು ನಿಮಿಷದ ಮಾತು, ಹಂತ ಹಂತವಾಗಿ

ಡಿಸೆಂಬರ್ ಹತ್ರ ಬಂತು ಅಂದ್ರೆ ಬೆಂಗಳೂರಿನ ಪಿಟಿ ಟೀಚರ್‌ಗಳಿಂದ ಒಂದೇ ಥರದ ಮೆಸೇಜ್ ಶುರುವಾಗುತ್ತೆ. "ಸರ್, ಗೆದ್ದೋರಿಗೆ ಮೆಡಲ್ ಇದೆ, ಚೀಫ್ ಗೆಸ್ಟ್ ಭಾಷಣ ಇದೆ, ಮಿಕ್ಕಿದ ಮಕ್ಕಳು ಮುಖ ಸಪ್ಪಗೆ ಮಾಡ್ಕೊಂಡು ಶಾಮಿಯಾನದಲ್ಲಿ ಕೂತಿರ್ತಾರೆ, ಅವರಿಗೆ ಏನ್ ಹೇಳೋದು, ಒಂದು ಚಿಕ್ಕ ಸ್ಪೀಚ್ ಬರ್ಕೊಡಿ" ಅಂತ. ಬರ್ಕೊಡಬಹುದು, ಆದ್ರೆ ಎಲ್ಲಾ ಸ್ಕೂಲಿಗೂ ಹೊಂದೋ ಸ್ಪೀಚನ್ನ ಮಕ್ಕಳು ಎರಡನೇ ವಾಕ್ಯಕ್ಕೇ ಕಂಡುಹಿಡೀತಾರೆ, ಇವರು ನಮ್ಮ ರೇಸ್ ನೋಡೇ ಇಲ್ಲ ಅಂತ. ಹಾಗಾಗಿ ರೆಡಿಮೇಡ್ ಕೊಡೋ ಬದ್ಲು, ನಿಮ್ಮ ಮಕ್ಕಳು ಅವತ್ತು ಏನ್ ಮಾಡಿದ್ರೋ ಅದರಿಂದಾನೇ ಮಾತು ಕಟ್ಟೋದು ಹೇಗೆ ಅಂತ ಹೇಳ್ತೀನಿ, ಮಧ್ಯದಲ್ಲಿ ಒಂದು ಪೂರ್ತಿ ಉದಾಹರಣೆನೂ ಇದೆ.

ಇದು ಮುಖ್ಯವಾಗಿ 3ನೇ ಕ್ಲಾಸಿಂದ 7ನೇ ಕ್ಲಾಸಿನ ಮಕ್ಕಳಿಗೆ. 1, 2ನೇ ಕ್ಲಾಸಿನವರಿಗೆ ಭಾಷಣ ಬೇಡ್ವೇ ಬೇಡ, ಅವರಿಗೆ ಬಿಸ್ಕತ್ತು, ನೀರು, ನೆರಳು ಕೊಟ್ರೆ ಅರ್ಧ ಗಂಟೇಲಿ ಗೋಣಿಚೀಲದ ಓಟ ಸೋತಿದ್ದೇ ಮರೆತುಹೋಗಿರುತ್ತೆ. ಹೈಸ್ಕೂಲಿನವರ ಬಗ್ಗೆ ಕೊನೇಲಿ ಸ್ವಲ್ಪ ಹೇಳ್ತೀನಿ.

ಬೇಕಾಗಿರೋದು ಏನು

ಜೇಬಲ್ಲಿ ಹಿಡಿಯೋ ಚಿಕ್ಕ ನೋಟ್‌ಬುಕ್, ಇಲ್ಲಾಂದ್ರೆ ನಾಲ್ಕು ಮಡಿಕೆ ಮಾಡಿದ ಒಂದು ಹಾಳೆ. ಒಂದು ಪೆನ್ನು. ಫಿನಿಶ್ ಗೆರೆ ಹತ್ರ ನಿಲ್ಲೋ ಒಬ್ಬ ಟೀಚರ್‌ ಸಹಾಯ. ಕಾರ್ಯಕ್ರಮದ ಪಟ್ಟೀಲಿ ಹತ್ತು ನಿಮಿಷದ ಗ್ಯಾಪ್. ಇನ್ನೊಂದು ಇದೆ, ಇದನ್ನ ಎಲ್ಲರೂ ಮರೀತಾರೆ: ಸ್ಪೋರ್ಟ್ಸ್ ಡೇ ಆದ್ಮೇಲೆ ಆ ಕ್ಲಾಸಿಗೆ ಮೊದಲ ಪಿಟಿ ಪೀರಿಯಡ್ ಯಾವ ವಾರ, ಎಷ್ಟೊತ್ತಿಗೆ ಅಂತ ಟೈಮ್‌ಟೇಬಲ್ ನೋಡಿ ಬರ್ಕೊಂಡಿರಬೇಕು. ಯಾಕೆ ಅಂತ 5ನೇ ಹಂತದಲ್ಲಿ ಗೊತ್ತಾಗುತ್ತೆ.

ಹಂತ 1: ಚೀಟಿ ಬರೀರಿ, ಅದೂ ರೇಸ್ ನಡೀತಿರೋವಾಗ್ಲೇ

ಇಡೀ ಕೆಲಸದಲ್ಲಿ ಮುಖ್ಯವಾದ್ದು ಇದು, ಮಿಕ್ಕಿದ್ದೆಲ್ಲ ಇದರ ಮೇಲೇ ನಿಂತಿದೆ. ಸ್ಪೋರ್ಟ್ಸ್ ಡೇ ದಿನ ಪಿಟಿ ಟೀಚರ್‌ ತಲೇಲಿ ಮೈಕು, ಸುಣ್ಣದ ಗೆರೆ, ಚೀಫ್ ಗೆಸ್ಟ್ ಕಾರು ಎಲ್ಲಿ ಬಂತು ಅನ್ನೋದೆಲ್ಲ ಓಡ್ತಿರುತ್ತೆ, ಸಂಜೆ ಹೊತ್ತಿಗೆ ಮೊದಲ ಮೂರು ಹೆಸರು ಬಿಟ್ಟು ಇನ್ನೇನೂ ನೆನಪಿರಲ್ಲ, ಯಾಕಂದ್ರೆ ರಿಸಲ್ಟ್ ಶೀಟಲ್ಲಿ ಬರೆಯೋದೇ ಮೂರು ಹೆಸರು. ನಾಲ್ಕನೇಯವರಿಂದ ಆಚೆಗೆ ಏನಾಯ್ತು ಅನ್ನೋದನ್ನ ನೀವು ಬರೆದ್ರೆ ಮಾತ್ರ ಉಳಿಯುತ್ತೆ.

ಪ್ರತಿ ರೇಸಿಗೆ ಒಂದೇ ಒಂದು ಸಾಲು ಸಾಕು. ಹೆಸರು ಗೊತ್ತಿಲ್ದಿದ್ರೆ ಲೇನ್ ನಂಬರ್ ಬರೀರಿ, ಲೇನ್ ಅಂದ್ರೆ ಸುಣ್ಣದ ಎರಡು ಗೆರೆ ಮಧ್ಯೆ ಒಬ್ಬೊಬ್ಬರಿಗೆ ಬಿಟ್ಟಿರೋ ದಾರಿ. ಏನ್ ಬರೀಬೇಕು ಅಂದ್ರೆ, ಕಣ್ಣಿಗೆ ಕಂಡಿದ್ದು ಮಾತ್ರ. "ಚೆನ್ನಾಗಿ ಓಡಿದ" ಅಂತ ಬರೆದ್ರೆ ಅದು ಸಂಜೆಗೆ ಯಾವ ಉಪಯೋಗಕ್ಕೂ ಬರಲ್ಲ. "ಗೆರೆ ದಾಟೋವರೆಗೂ ಸ್ಪೀಡ್ ಇಳಿಸಲಿಲ್ಲ" ಅಂತ ಬರೆದ್ರೆ ಬರುತ್ತೆ.

ನೋಡೋಕೆ ಕಷ್ಟ ಅನ್ಸಿದ್ರೆ ಈ ಮೂರು ಜಾಗಕ್ಕೆ ಕಣ್ಣಿಡಿ. ಓಟದಲ್ಲಿ ಕೊನೆಯ ಹತ್ತು ಮೀಟರ್: ಚಿಕ್ಕ ಮಕ್ಕಳಲ್ಲಿ ಎಷ್ಟೋ ಜನ ಟೇಪ್ ಕಂಡ ತಕ್ಷಣ ನಿಧಾನ ಮಾಡ್ತಾರೆ, ಇಲ್ಲಾ ಪಕ್ಕದ ಲೇನಿನವರು ಎಲ್ಲಿದ್ದಾರೆ ಅಂತ ತಲೆ ತಿರುಗಿಸ್ತಾರೆ, ಜಾಗ ಕಳ್ಕೊಳ್ಳೋದು ಅಲ್ಲೇ. ಲಾಂಗ್ ಜಂಪಲ್ಲಿ ಬೋರ್ಡ್ ಹತ್ರ ಪಾದ: ಬೋರ್ಡ್ ಅಂದ್ರೆ ಎಲ್ಲಿಂದ ಹಾರಬೇಕೋ ಆ ಪಟ್ಟಿ, ಅದರ ಮುಂದಿನ ಅಂಚು ದಾಟಿ ಕಾಲಿಟ್ರೆ ಫೌಲ್, ಎಷ್ಟು ದೂರ ಹಾರಿದ್ರೂ ಅಳತೆ ಹಿಡಿಯಲ್ಲ. ರಿಲೇಲಿ ಬ್ಯಾಟನ್ ಕೈ ಬದಲಾಗೋ ಜಾಗ. ಈ ಮೂರೂ ಕಡೆ ನೀವು ಒಬ್ಬರೇ ಇರೋಕಾಗಲ್ಲ, ಅದಕ್ಕೇ ಇನ್ನೊಬ್ಬ ಟೀಚರ್ ಬೇಕು ಅಂದಿದ್ದು. ಅವರಿಗೂ ಒಂದು ಹಾಳೆ ಕೊಟ್ಟು "ಗೆದ್ದೋರನ್ನ ಬಿಟ್ಟು ಬೇರೆಯವರನ್ನ ನೋಡಿ ಮಿಸ್" ಅಂತ ಮೊದಲೇ ಹೇಳಿಡಿ.

ಇಲ್ಲಿ ಆಗೋ ತಪ್ಪು ಏನಂದ್ರೆ, ಬೀಳೋದು, ಅಳೋದು, ಹಗ್ಗಜಗ್ಗಾಟದಲ್ಲಿ ಮಣ್ಣಾಗೋದು ಇಂಥ ಕಣ್ಣಿಗೆ ರಾಚೋ ಘಟನೆ ಮಾತ್ರ ಬರ್ಕೊಳ್ಳೋದು. ಸದ್ದಿಲ್ದೆ ಐದನೇ, ಆರನೇ ಬಂದು ಶಾಮಿಯಾನಕ್ಕೆ ವಾಪಸ್ ಹೋಗಿ ಕೂತವರ ಸಾಲು ಚೀಟೀಲಿ ಇರಲ್ಲ, ನಿಜ ಹೇಳ್ಬೇಕಂದ್ರೆ ಈ ಮಾತು ಬೇಕಾಗಿರೋದೇ ಅವರಿಗೆ.

ಹಂತ 2: ಜಾಗ, ಹೊತ್ತು

ಕೊನೆಯ ಓಟ ಮುಗಿದು ಪ್ರೈಜ್ ಶುರುವಾಗೋಕೆ ಮುಂಚೆ ಸ್ಟೇಜ್ ಮೇಲೆ ಕಪ್ಪುಗಳನ್ನ ಜೋಡಿಸ್ತಾ ಇರ್ತಾರೆ ನೋಡಿ, ಆ ಗ್ಯಾಪಲ್ಲಿ ಮಾತಾಡಿ. ಪ್ರೈಜ್ ಆದ್ಮೇಲೆ ಅಂತ ಇಟ್ಕೊಂಡ್ರೆ ಕೆಟ್ಟಿತು, ಪೇರೆಂಟ್ಸ್ ಗೇಟ್ ಹತ್ರ ನಿಂತಿರ್ತಾರೆ, ವ್ಯಾನ್ ಡ್ರೈವರ್ ಹಾರ್ನ್ ಹೊಡೀತಿರ್ತಾನೆ, ಬಾಡಿಗೆ ಗ್ರೌಂಡ್ ಆದ್ರೆ ಖಾಲಿ ಮಾಡಿ ಅಂತ ಅವರೂ ಶುರು ಮಾಡ್ಕೋತಾರೆ. ಅದೂ ಅಲ್ದೆ ಪ್ರೈಜ್ ನೋಡ್ತಾ ಕೂರೋ ಆ ಮುಕ್ಕಾಲು ಗಂಟೆನೇ ಕಷ್ಟದ ಹೊತ್ತು, ಮಾತು ಅದಕ್ಕೆ ಮುಂಚೆ ಬರಬೇಕು.

ಮೈಕ್ ಬೇಡ. ಮೈಕಲ್ಲಿ ಹೇಳಿದ್ರೆ ಅದು ಪೇರೆಂಟ್ಸಿಗೆ, ಮ್ಯಾನೇಜ್‌ಮೆಂಟಿಗೆ ಹೇಳಿದ ಹಾಗಾಗುತ್ತೆ. ಒಂದು ಕ್ಲಾಸಿನವರನ್ನ ನೆರಳಲ್ಲಿ ಹತ್ರ ಕೂರಿಸಿ, ನೀವೂ ಮಂಡಿಯೂರಿ ಕೂತ್ಕೊಳ್ಳಿ, ಬಿಸಿಲು ನಿಮ್ಮ ಮುಖಕ್ಕೆ ಬೀಳಲಿ, ಅವರ ಕಣ್ಣಿಗೆ ಬೇಡ. ನೀರು ಕುಡೀತಾನೇ ಕೇಳಲಿ ಬಿಡಿ.

ಇನ್ನು ಗೆದ್ದೋರನ್ನ ಆ ಕಡೆ ಕಳ್ಸಿ ಸೋತೋರನ್ನ ಮಾತ್ರ ಕೂರಿಸ್ಬೇಕಾ ಅಂತ ಕೇಳ್ತಾರೆ. ಬೇಡ. ಹಾಗೆ ಬೇರೆ ಮಾಡಿದ್ರೆ ನೀವು ಬಾಯಿ ಬಿಡೋಕೆ ಮುಂಚೆನೇ ಆ ಗುಂಪಿಗೆ ಒಂದು ಹೆಸರು ಬಿದ್ದುಹೋಗುತ್ತೆ. ಇಡೀ ಕ್ಲಾಸ್ ಒಟ್ಟಿಗೆ ಕೂರಲಿ, ಮಾತು ಮಾತ್ರ ಮೆಡಲ್ ಬರದವರ ಕಡೆಗಿರಲಿ, ಗೆದ್ದೋರೂ ಕೇಳಿಸ್ಕೊಳ್ಳೋದು ಒಳ್ಳೇದೇ.

ಹಂತ 3: ಮೊದಲ ವಾಕ್ಯದಲ್ಲೇ ನಿಜ ಹೇಳಿ

ನಮ್ಮೋರ ಬಾಯಿಗೆ ಮೊದಲು ಬರೋ ಮೂರು ಮಾತು ಇವೆ: "ಗೆಲ್ಲೋದು ಮುಖ್ಯ ಅಲ್ಲ, ಭಾಗವಹಿಸೋದು ಮುಖ್ಯ", "ಸೋಲೇ ಗೆಲುವಿನ ಮೆಟ್ಟಿಲು", "ನೀವೆಲ್ಲರೂ ನನ್ನ ಪಾಲಿಗೆ ವಿನ್ನರ್ಸೇ". ಮೂರನ್ನೂ ಬಿಟ್ಬಿಡಿ. ನೀವು ಗೆಲ್ಲೋದು ಮುಖ್ಯ ಅಲ್ಲ ಅಂತಿರೋ ಹೊತ್ತಲ್ಲೇ ಅವರ ಬೆನ್ನ ಹಿಂದೆ ಸ್ಟೇಜ್ ಮೇಲೆ ಕಪ್ಪುಗಳು ಹೊಳೀತಿರುತ್ತವೆ, ಒಂದು ತಿಂಗಳಿಂದ ನೀವೇ ವಿಸಿಲ್ ಹೊಡೆದು "ಇನ್ನೂ ಜೋರು, ಇನ್ನೂ ಜೋರು" ಅಂತ ಓಡ್ಸಿರ್ತೀರಿ. ಒಂಬತ್ತು ವರ್ಷದ ಮಗು ಇದನ್ನ ಬಾಯಿಬಿಟ್ಟು ಹೇಳಲ್ಲ ಅಷ್ಟೇ, ಗೊತ್ತಾಗುತ್ತೆ.

ನಿಜ ಏನೋ ಅದನ್ನೇ ಸೀದಾ ಹೇಳಿ. ಮೆಡಲ್ ಬರ್ಲಿಲ್ಲ, ಬೇಜಾರಾಗುತ್ತೆ, ಗೆಲ್ಬೇಕು ಅಂತ ಓಡಿದ್ರಿ ಅದಕ್ಕೇ ಬೇಜಾರು. ಇಷ್ಟು ಮೂರು ತುಂಡು, ಹದಿನೈದು ಸೆಕೆಂಡ್. "ಅಳಬೇಡಿ" ಅಂತ ಸೇರಿಸ್ಬೇಡಿ. ಯಾರಾದ್ರೂ ಅಳ್ತಿದ್ರೆ ಅಳ್ಲಿ, ಮಾತು ನಿಲ್ಲಿಸಿ ಅವರ ಕಡೆಗೇ ನೋಡಿದ್ರೆ ಇಡೀ ಕ್ಲಾಸ್ ಅವರ ಕಡೆ ತಿರುಗುತ್ತೆ, ಅದು ಇನ್ನೂ ಕಷ್ಟ.

ಕಾರಣ ಕೊಡೋಕೂ ಹೋಗ್ಬೇಡಿ. ಲೇನ್ ಸರಿ ಇರ್ಲಿಲ್ಲ, ಆ ಸ್ಟಾರ್ಟರ್ ಬೇಗ ವಿಸಿಲ್ ಹೊಡೆದ್ರು, ಅವರ ಹೌಸಲ್ಲಿ ದೊಡ್ಡ ಹುಡುಗರಿದ್ರು. ಇದರಲ್ಲಿ ನಿಜ ಇದ್ರೂ ಅದು ನೀವು ಆಯೋಜಕರ ಹತ್ರ ಹೇಳ್ಬೇಕಾದ್ದು. ಮಕ್ಕಳ ಮುಂದೆ ಹೇಳಿದ್ರೆ ಮುಂದಿನ ವಾರ ಕ್ಲಾಸಲ್ಲಿ ಅದೇ ಜಗಳ.

ದೊಡ್ಡ ಆಟಗಾರರ ಕಥೆ ಬಗ್ಗೆನೂ ತುಂಬ ಜನ ಕೇಳ್ತಾರೆ. ಪಿ.ಟಿ. ಉಷಾ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಲ್ಲಿ 400 ಮೀಟರ್ ಹರ್ಡಲ್ಸಲ್ಲಿ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ಕಳ್ಕೊಂಡ್ರು, ನಾಲ್ಕನೇ ಬಂದ್ರು. ಒಳ್ಳೇ ಕಥೆ, ಅಸೆಂಬ್ಲೀಲಿ ಬೇರೆ ದಿನ ಹೇಳಿ. ಸ್ಪೋರ್ಟ್ಸ್ ಡೇ ಸಂಜೆ ಹೇಳಿದ್ರೆ ಹೀಟ್ಸಲ್ಲೇ ಔಟಾದ ಮಗುಗೆ ಒಲಿಂಪಿಕ್ಸ್ ಫೈನಲ್ ಓಡಿದವರ ಜೊತೆ ತನ್ನನ್ನ ಯಾಕೆ ಸೇರಿಸ್ತಿದ್ದಾರೆ ಅಂತಾನೇ ಅರ್ಥ ಆಗಲ್ಲ. ಹೀಟ್ಸ್ ಅಂದ್ರೆ ಫೈನಲ್‌ಗೆ ಮುಂಚೆ ಗುಂಪು ಗುಂಪಾಗಿ ಓಡಿಸಿ ಆರಿಸೋ ರೌಂಡು.

ಹಂತ 4: ಚೀಟೀಲಿರೋದನ್ನ ಹೇಳಿ, ಹೆಸರು ಬಿಟ್ಟು

ಇದು ಮಾತಿನ ನಡುಭಾಗ, ಒಂದು ನಿಮಿಷ ಇದಕ್ಕೇ ಹೋಗಲಿ. ಚೀಟಿಯಿಂದ ನಾಲ್ಕೈದು ಸಾಲು ಆರಿಸ್ಕೊಳ್ಳಿ, ಎಲ್ಲಾ ಹೌಸು, ಹುಡುಗ್ರು, ಹುಡುಗೀರು, ಓಟ, ಜಿಗಿತ ಎಲ್ಲದರಿಂದ ಒಂದೊಂದು ಬರೋ ಹಾಗೆ. ಹೇಳೋವಾಗ ಹೆಸರು ಬೇಡ, ಮಾಡಿದ ಕೆಲಸ ಹೇಳಿ ಸಾಕು. ನಾಲ್ಕು ಹೆಸರು ಹೇಳಿದ್ರೆ ಮಿಕ್ಕಿದ ಇಪ್ಪತ್ತು ಜನಕ್ಕೆ ಅದು ಇನ್ನೊಂದು ಪ್ರೈಜ್ ಲಿಸ್ಟ್, ಅದರಲ್ಲೂ ತಮ್ಮ ಹೆಸರಿಲ್ಲ. ಕೆಲಸ ಹೇಳಿದ್ರೆ ಮಾಡಿದವರಿಗೆ ತಮ್ಮದೇ ಅಂತ ಗೊತ್ತಾಗುತ್ತೆ, ಅದೇ ಥರ ಓಡಿದ ಇನ್ನಿಬ್ಬರೂ ತಮ್ಮದೇ ಅಂದ್ಕೋತಾರೆ, ಅಂದ್ಕೊಳ್ಳಲಿ.

ಬರೀ ಹೊಗಳಿಕೆ ಆಗ್ಬಾರದು, ಎಲ್ಲಿ ಕೈ ತಪ್ಪಿತು ಅನ್ನೋದೂ ಇರಲಿ, ಆದ್ರೆ ಅದು ಸರಿ ಮಾಡೋಕಾಗೋ ವಿಷಯ ಆಗಿರಬೇಕು. ಗೆರೆ ಹತ್ರ ತಲೆ ತಿರುಗಿಸೋದನ್ನ ಸರಿ ಮಾಡಬಹುದು. ಕಾಲು ಗಿಡ್ಡ ಇರೋದನ್ನ ಸರಿ ಮಾಡೋಕಾಗಲ್ಲ, ಅದನ್ನ ಎತ್ತಬೇಡಿ.

"ನೀನು ತುಂಬ ಟ್ಯಾಲೆಂಟೆಡ್ ಕಣೋ, ಹೇಗೆ ಸೋತೆ" ಅನ್ನೋದು ಸಮಾಧಾನದ ಹಾಗೆ ಕೇಳ್ಸುತ್ತೆ, ಮಗುಗೆ ಅದು ಭಾರ. ಮ್ಯೂಲರ್ ಮತ್ತು ಡ್ವೆಕ್ ಅನ್ನೋ ಇಬ್ಬರು ಮನಃಶಾಸ್ತ್ರಜ್ಞರು 1998ರಲ್ಲಿ ಐದನೇ ಕ್ಲಾಸಿನ ಮಕ್ಕಳ ಮೇಲೆ ಮಾಡಿದ ಪ್ರಯೋಗ ಪ್ರಕಟಿಸಿದ್ರು, ಅದರಲ್ಲಿ ಚಿತ್ರದ ಒಗಟಿನಂಥ ಪ್ರಶ್ನೆಗಳಿದ್ವು, ಆಟ ಅಲ್ಲ. ನೀನು ಜಾಣ ಅಂತ ಹೊಗಳಿಸ್ಕೊಂಡ ಮಕ್ಕಳು ಆಮೇಲೆ ಕಷ್ಟದ ಪ್ರಶ್ನೆಗಳಲ್ಲಿ ಸೋತಾಗ ಬೇಗ ಕೈಬಿಟ್ರು, ಚೆನ್ನಾಗಿ ಪ್ರಯತ್ನ ಪಟ್ಟೆ ಅಂತ ಹೊಗಳಿಸ್ಕೊಂಡವರು ಇನ್ನೂ ಸ್ವಲ್ಪ ಮುಂದುವರಿಸಿದ್ರು. ಹಾಗಂತ ಎಲ್ಲರಿಗೂ "ತುಂಬ ಕಷ್ಟಪಟ್ರಿ" ಅಂತ ಹಂಚೋಕೆ ಹೋಗ್ಬೇಡಿ. ಪ್ರ್ಯಾಕ್ಟಿಸಿಗೆ ಬರದೇ ಇದ್ದೋರು ಯಾರು ಅಂತ ಕ್ಲಾಸಿಗೆಲ್ಲ ಗೊತ್ತಿರುತ್ತೆ.

ರಿಲೇ ಬಗ್ಗೆ ಒಂದು ನಿಯಮ ಗೊತ್ತಿರಲಿ, ಮಾತಲ್ಲಿ ಬೇಕಾಗುತ್ತೆ. ಬ್ಯಾಟನ್ ಬಿದ್ದ ತಕ್ಷಣ ಟೀಮ್ ಔಟ್ ಅಂತ ಮಕ್ಕಳು, ಕೆಲವು ಟೀಚರ್‌ಗಳೂ ಅಂದ್ಕೊಂಡಿರ್ತಾರೆ. ಹಾಗಿಲ್ಲ. ಯಾರ ಕೈಯಿಂದ ಬಿತ್ತೋ ಅವರೇ ಎತ್ಕೊಂಡು, ಯಾರಿಗೂ ಅಡ್ಡ ಬರದೆ, ದೂರ ಕಡಿಮೆ ಮಾಡ್ಕೊಳ್ಳದೆ ಓಡಿದ್ರೆ ರೇಸ್ ಮುಂದುವರಿಯುತ್ತೆ. ಎತ್ಕೊಂಡು ಓಡಿ ಕೊನೇಲಿ ಮುಗಿಸಿದ ಟೀಮ್ ನಿಯಮದ ಪ್ರಕಾರ ರೇಸ್ ಮುಗಿಸಿದ ಟೀಮೇ.

ಹಂತ 5: ದಿನ ಹೇಳಿ, ಆಸೆ ತೋರಿಸ್ಬೇಡಿ

"ಮುಂದಿನ ವರ್ಷ ಗ್ಯಾರಂಟಿ ಗೆಲ್ತೀರಾ" ಅನ್ನೋದನ್ನ ಹೇಳೋ ಹಾಗೇ ಇಲ್ಲ, ಮುಂದಿನ ವರ್ಷನೂ ಮೂರೇ ಮೆಡಲ್. ಅದರ ಬದ್ಲು ಒಂದು ದಿನ, ಒಂದು ಕೆಲಸ ಹೇಳಿ. "ಗುರುವಾರ ಪಿಟಿ ಪೀರಿಯಡಲ್ಲಿ ಬ್ಯಾಟನ್ ಕೊಡೋದು ಮಾತ್ರ ಮಾಡೋಣ" ಅನ್ನೋದು ಮಗುಗೆ ಹಿಡ್ಕೊಳ್ಳೋಕೆ ಸಿಗುತ್ತೆ.

ಇಲ್ಲೇ ದೊಡ್ಡ ಗುಂಡಿ ಇರೋದು. ಸ್ಪೋರ್ಟ್ಸ್ ಡೇಗೆ ಅಂತ ಕ್ಲಾಸುಗಳು ಹೋಗಿರುತ್ತವೆ, ಆಮೇಲಿನ ವಾರ ಪೋರ್ಷನ್ ಮುಗಿದಿಲ್ಲ ಅಂತ ಮ್ಯಾಥ್ಸ್ ಟೀಚರ್ ನಿಮ್ಮ ಪೀರಿಯಡ್ ಕೇಳ್ತಾರೆ, ನೀವೂ ಪಾಪ ಅಂತ ಕೊಟ್ಬಿಡ್ತೀರಿ. ಆ ಗುರುವಾರ ಆಟ ಇಲ್ಲ ಅಂದ್ರೆ ನೀವು ಶಾಮಿಯಾನದಲ್ಲಿ ಹೇಳಿದ್ದೆಲ್ಲ ಅಲ್ಲಿಗೆ ಸುಳ್ಳಾಯ್ತು. ಹಾಗಾಗಿ ಸ್ಪೋರ್ಟ್ಸ್ ಡೇಗೆ ಮುಂಚೆನೇ ಕ್ಲಾಸ್ ಟೀಚರ್ ಹತ್ರ ಆ ಒಂದು ಪೀರಿಯಡ್ ಗಟ್ಟಿ ಮಾಡ್ಕೊಂಡಿರಿ, ಆಗಲ್ಲ ಅಂದ್ರೆ ದಿನ ಹೇಳ್ಲೇಬೇಡಿ.

ಪೂರ್ತಿ ಉದಾಹರಣೆ

ಒಂದು ಸ್ಕೂಲ್ ಇದೆ ಅಂದ್ಕೊಳ್ಳಿ, ಬೆಂಗಳೂರಿನ ಎಷ್ಟೋ ಸ್ಕೂಲುಗಳ ಹಾಗೆ ಸ್ವಂತ ಗ್ರೌಂಡ್ ಇಲ್ಲ, ಪ್ರ್ಯಾಕ್ಟಿಸ್ ಎಲ್ಲ ಬಿಲ್ಡಿಂಗ್ ಮುಂದಿನ ಸಿಮೆಂಟ್ ಜಾಗದಲ್ಲಿ, ಸ್ಪೋರ್ಟ್ಸ್ ಡೇ ದಿನ ಮಾತ್ರ ಬಾಡಿಗೆ ಮೈದಾನ. 5ನೇ ಕ್ಲಾಸಲ್ಲಿ 40 ಮಕ್ಕಳು. 80 ಮೀಟರ್ ಓಟ, ಲಾಂಗ್ ಜಂಪ್ (ಎರಡೂ ಹುಡುಗರಿಗೆ, ಹುಡುಗೀರಿಗೆ ಬೇರೆ ಬೇರೆ), ನಾಲ್ಕು ಹೌಸಿನ 4×50 ರಿಲೇ. ಓಟ, ಜಿಗಿತದಲ್ಲಿ 12 ಮೆಡಲ್, ರಿಲೇಲಿ ಮೂರು ಟೀಮಿಗೆ ಇನ್ನೊಂದು 12, ಒಟ್ಟು 24. ಆದ್ರೆ ಓಟದಲ್ಲಿ ಗೆದ್ದೋರೇ ಜಿಗಿತದಲ್ಲೂ ಗೆಲ್ತಾರೆ, ಅವರೇ ರಿಲೇಲೂ ಇರ್ತಾರೆ, ಕೊನೆಗೆ 24 ಮೆಡಲ್ 14 ಕೊರಳಿಗೆ ಹೋಗಿ 26 ಮಕ್ಕಳಿಗೆ ಏನೂ ಇಲ್ಲ.

ಟೀಚರ್ ಚೀಟೀಲಿರೋ ಸಾಲುಗಳು ಹೀಗಿವೆ:

- ಹುಡುಗರ 80 ಮೀ, ಹೀಟ್ 2, ಲೇನ್ 4: ಎರಡನೇ ಇದ್ದ, ಗೆರೆ ಹತ್ರ ಪಕ್ಕಕ್ಕೆ ನೋಡಿದ, ನಾಲ್ಕನೇ ಆದ
- ಹುಡುಗೀರ 80 ಮೀ, ಹೀಟ್ 1, ಲೇನ್ 6: ಕೊನೆಯವಳು, ಗೆರೆ ದಾಟೋವರೆಗೂ ಸ್ಪೀಡ್ ಇಳಿಸಲಿಲ್ಲ
- ಹುಡುಗೀರ ಲಾಂಗ್ ಜಂಪ್: ಒಬ್ಬಳು ಮೂರೂ ಫೌಲ್, ಪ್ರತಿ ಸಲ ಒಂದು ಪಾದ ದಾಟಿ
- ಹುಡುಗರ ಲಾಂಗ್ ಜಂಪ್: ಹೋದ ವರ್ಷ 2.40, ಈ ಸಲ 2.62, ಆರನೇ ಸ್ಥಾನ
- ರಿಲೇ, ಹಳದಿ: ಎರಡನೇ ಚೇಂಜಲ್ಲಿ ಬ್ಯಾಟನ್ ಬಿತ್ತು, ಎತ್ಕೊಂಡು ಮುಗಿಸಿದ್ರು

ಇದರಿಂದ ಕಟ್ಟಿದ ಮಾತು:

"ಎಲ್ಲಾ ಹತ್ರ ಬನ್ನಿ, ಕೂತ್ಕೊಳ್ಳಿ. ನೀರು ಕುಡ್ಕೊಂಡೇ ಕೇಳಿ, ಎರಡೇ ನಿಮಿಷ.

ಇನ್ನು ಸ್ವಲ್ಪ ಹೊತ್ತಿಗೆ ಪ್ರೈಜ್ ಕೊಡ್ತಾರೆ. ನಿಮ್ಮಲ್ಲಿ ತುಂಬ ಜನರ ಹೆಸರು ಅಲ್ಲಿ ಕರೆಯಲ್ಲ. ಬೇಜಾರಾಗುತ್ತೆ. ಗೆಲ್ಬೇಕು ಅಂತಾನೇ ಓಡಿದ್ರಿ, ಬೇಜಾರಾಗ್ದೆ ಇರುತ್ತಾ.

ನಾನು ಬೆಳಿಗ್ಗೆಯಿಂದ ಬರ್ಕೊಂಡಿದ್ದೀನಿ, ಓದ್ತೀನಿ. ಹುಡುಗೀರ ಎಂಬತ್ತು ಮೀಟರಲ್ಲಿ ಒಬ್ಬಳು ಎಲ್ಲರಿಗಿಂತ ಹಿಂದೆ ಇದ್ಲು, ಗೆರೆ ದಾಟೋವರೆಗೂ ಸ್ಪೀಡ್ ಇಳಿಸಲೇ ಇಲ್ಲ. ನಿಮ್ಮಲ್ಲಿ ಮುಂದೆ ಇದ್ದೋರೇ ಕೆಲವರು ಗೆರೆ ಹತ್ರ ನಿಧಾನ ಮಾಡಿದ್ರಿ. ಹುಡುಗರ ಹೀಟಲ್ಲಿ ಒಬ್ಬ ಎರಡನೇ ಬರ್ತಿದ್ದ, ಕೊನೇಲಿ ಪಕ್ಕಕ್ಕೆ ನೋಡಿದ, ಇಬ್ಬರು ದಾಟ್ಕೊಂಡು ಹೋದ್ರು. ಲಾಂಗ್ ಜಂಪಲ್ಲಿ ಒಬ್ಬಳದು ಮೂರೂ ಫೌಲ್. ನಾನು ಅಲ್ಲೇ ನಿಂತಿದ್ದೆ, ಹಾರಿದ್ದು ದೂರಾನೇ, ಓಡೋಕೆ ಶುರು ಮಾಡಿದ ಜಾಗ ಒಂದು ಪಾದ ಮುಂದಿತ್ತು ಅಷ್ಟೇ. ಇನ್ನೊಬ್ಬ ಹೋದ ವರ್ಷಕ್ಕಿಂತ ಇಪ್ಪತ್ತೆರಡು ಸೆಂಟಿಮೀಟರ್ ಜಾಸ್ತಿ ಹಾರಿದ್ದಾನೆ, ಇಷ್ಟು ಜಾಸ್ತಿ, ಕೈ ನೋಡಿ. ಹಳದಿ ಟೀಮಿನ ಬ್ಯಾಟನ್ ಬಿತ್ತು. ಬಿದ್ರೆ ಔಟಲ್ಲ, ಎತ್ಕೊಂಡು ಓಡ್ಬೇಕು. ಅವರು ಎತ್ಕೊಂಡು ಓಡಿದ್ರು, ನಾಲ್ಕೂ ಜನ ಮುಗಿಸಿದ್ರು.

ಗುರುವಾರ ಮೂರನೇ ಪೀರಿಯಡ್ ನಮ್ಮದು. ಮೂರು ಕೆಲಸ ಮಾಡೋಣ: ಗೆರೆ ದಾಟಿ ಐದು ಮೀಟರ್ ಆಚೆವರೆಗೂ ಓಡೋದು, ಜಂಪಿಗೆ ಹೆಜ್ಜೆ ಎಣಿಸೋದು, ನೋಡ್ದೆ ಬ್ಯಾಟನ್ ತಗೊಳ್ಳೋದು. ಯಾರಿಗೆ ಯಾವುದು ಬೇಕೋ ಅದಕ್ಕೆ ಬನ್ನಿ.

ಈಗ ಪ್ರೈಜ್ ಟೈಮಲ್ಲಿ ನಮ್ಮ ಕ್ಲಾಸಿನವರ ಹೆಸರು ಕರೆದಾಗ ಚಪ್ಪಾಳೆ ಹೊಡೀರಿ. ನಗ್ಬೇಕು ಅಂತೇನಿಲ್ಲ, ಚಪ್ಪಾಳೆ ಸಾಕು. ಬಾಟ್ಲು, ಟೋಪಿ ಎಲ್ಲಾ ಎತ್ಕೊಳ್ಳಿ, ಲೈನ್ ಮಾಡಿ."

ಮಕ್ಕಳ ಮುಂದೆ ನಿಧಾನವಾಗಿ ಹೇಳಿದ್ರೆ ಇದು ಎರಡು ನಿಮಿಷದ ಆಸುಪಾಸು. ನಿಮ್ಮದು ಎಷ್ಟಾಗುತ್ತೆ ಅಂತ ಮನೇಲಿ ಫೋನಲ್ಲಿ ಟೈಮ್ ಹಾಕಿ ನೋಡಿ, ಮೂರು ನಿಮಿಷ ದಾಟಿದ್ರೆ ಚೀಟಿಯ ಒಂದು ಸಾಲು ಬಿಡಿ. ಮುನ್ನುಡಿ ಜಾಸ್ತಿ ಆಗಿದ್ರೆ ಮೊದಲು ಅದನ್ನೇ ಕತ್ತರಿಸಿ. ನಮ್ಮ ಕ್ಲಾಸುಗಳಲ್ಲಿ ಮನೇಲಿ ತಮಿಳು, ತೆಲುಗು, ಉರ್ದು, ಹಿಂದಿ ಮಾತಾಡೋ ಮಕ್ಕಳೂ ಇರ್ತಾರೆ, ಅದಕ್ಕೇ ಇಲ್ಲಿ "ಪರಿಶ್ರಮ", "ಕ್ರೀಡಾ ಮನೋಭಾವ" ಅಂಥ ಪದ ಇಲ್ಲ, ಎಲ್ಲಾ ಗ್ರೌಂಡಲ್ಲಿ ದಿನಾ ಕೇಳೋ ಮಾತೇ. ಇಪ್ಪತ್ತೆರಡು ಸೆಂಟಿಮೀಟರ್ ಅಂದ್ರೆ ಎಷ್ಟು ಅಂತ ಕೈಯಲ್ಲಿ ತೋರಿಸಿದ್ದೂ ಅದಕ್ಕೇ.

ಹಳದಿ ಟೀಮಲ್ಲಿ ಬ್ಯಾಟನ್ ಬೀಳಿಸಿದ್ದು ಯಾರು ಅಂತ ಮಾತಲ್ಲಿ ಇಲ್ಲ ಅನ್ನೋದನ್ನ ಗಮನಿಸಿ. ಕೊಟ್ಟವರ ಕೈ ತಪ್ಪಿತಾ, ತಗೊಂಡವರ ಕೈ ತಪ್ಪಿತಾ ಅನ್ನೋದು ಎಷ್ಟೋ ಸಲ ನೋಡಿದವರಿಗೂ ಗೊತ್ತಾಗಲ್ಲ, ಆದ್ರೆ ಕ್ಲಾಸ್ ಆಗ್ಲೇ ಒಬ್ಬರ ಮೇಲೆ ಹಾಕಿರುತ್ತೆ. "ಬ್ಯಾಟನ್ ಬಿತ್ತು" ಅಂತಷ್ಟೇ ಹೇಳಿ, "ಬೀಳಿಸಿದ" ಅನ್ಬೇಡಿ.

ಹಂತ 6: ಮಾತು ಮುಗಿದ ಮೇಲೆ

ಮುಗಿದ ತಕ್ಷಣ ಮಕ್ಕಳಿಗೆ ಏನಾದ್ರೂ ಕೆಲಸ ಕೊಡಿ, ಬಾಟ್ಲು ಎತ್ಕೊಳ್ಳೋದು, ಲೈನ್ ಮಾಡೋದು ಅಂಥದ್ದು. "ಎಲ್ಲರಿಗೂ ಅರ್ಥ ಆಯ್ತಾ" ಅಂತ ಕೇಳಿದ್ರೆ "ಯೆಸ್ ಸಾಆಆರ್" ಅಂತ ಕೋರಸ್ ಬರುತ್ತೆ, ಅದರಿಂದ ಏನೂ ಗೊತ್ತಾಗಲ್ಲ. ಲೈನ್ ಮಾಡ್ತಿರೋವಾಗ ಚೀಟೀಲಿರೋ ಇಬ್ಬರು ಮೂವರ ಪಕ್ಕ ಹೋಗಿ, ಈಗ ಹೆಸರು ಹಿಡಿದು, ಒಂದೇ ವಾಕ್ಯ. ಮೂರು ಫೌಲ್ ಆದವಳಿಗೆ "ಗುರುವಾರ ನಿನ್ನ ಸ್ಟಾರ್ಟಿಂಗ್ ಮಾರ್ಕ್ ಒಂದು ಪಾದ ಹಿಂದಕ್ಕೆ ಹಾಕೋಣ ಪುಟ್ಟ" ಅಂದ್ರೆ ಸಾಕು.

ಗುರುವಾರ ಅದನ್ನ ಮಾಡೋದು ಹೀಗೆ. ಅವಳು ಎಲ್ಲಿಂದ ಓಡೋಕೆ ಶುರು ಮಾಡ್ತಾಳೋ ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ. ಹಾರಿಸ್ಬೇಡಿ, ಬೋರ್ಡ್ ಜಾಗದ ಮೇಲೆ ಓಡಿ ದಾಟ್ಕೊಂಡು ಹೋಗೋಕೆ ಮಾತ್ರ ಹೇಳಿ, ಸಿಮೆಂಟ್ ನೆಲದಲ್ಲಿ ಹಾರಿಸ್ಲೇಬಾರದು, ಮರಳು ಇರೋ ಕಡೆ ಮಾತ್ರ. ಹಾರೋ ಕಾಲು ಬೋರ್ಡ್ ಅಂಚಿಂದ ಎಷ್ಟು ಮುಂದೆ ಬಿತ್ತು ಅಂತ ನೋಡಿ, ಅಷ್ಟೇ ದೂರ ಶುರುವಿನ ಗುರುತನ್ನ ಹಿಂದಕ್ಕೆ ಸರಿಸಿ, ಮತ್ತೆ ಓಡ್ಸಿ. ಒಂದೊಂದು ಸಲ ಒಂದೊಂದು ಕಡೆ ಕಾಲು ಬಿದ್ರೆ ಗುರುತು ಸರಿಸಿ ಪ್ರಯೋಜನ ಇಲ್ಲ, ಹೆಜ್ಜೆನೇ ಒಂದೇ ಥರ ಬರ್ತಿಲ್ಲ ಅಂತ ಅರ್ಥ, ಆಗ ಓಟ ಚಿಕ್ಕದು ಮಾಡಿ ಏಳೆಂಟು ಹೆಜ್ಜೆಗೆ ಇಳಿಸಿ, ಶುರುವಲ್ಲಿ ಯಾವಾಗ್ಲೂ ಒಂದೇ ಕಾಲು ಮುಂದಿಡೋದನ್ನ ರೂಢಿ ಮಾಡ್ಸಿ.

ಆ ಪೀರಿಯಡಲ್ಲಿ ಮೂಲೇಲಿ ಕೂತು "ನಾನು ಬರಲ್ಲ ಸರ್" ಅನ್ನೋರು ಇದ್ದೇ ಇರ್ತಾರೆ. ಎಳ್ಕೊಂಡು ಬರ್ಬೇಡಿ, ಸ್ಟಾಪ್‌ವಾಚ್ ಕೊಡಿ, ಇಲ್ಲಾ ಹೆಜ್ಜೆ ಎಣಿಸೋಕೆ ಹೇಳಿ. ಎರಡು ಮೂರು ಪೀರಿಯಡ್ ಆದ್ರೂ ಹಾಗೇ ದೂರ ಇದ್ರೆ ಕ್ಲಾಸ್ ಟೀಚರ್ ಹತ್ರ ವಿಚಾರಿಸಿ, ಯಾರೋ ರೇಗಿಸ್ತಿರಬಹುದು, ಮನೇಲಿ ಏನಾದ್ರೂ ಅಂದಿರಬಹುದು, ಅದು ನಿಮ್ಮ ಎರಡು ನಿಮಿಷದ ಮಾತಿಂದ ಸರಿಹೋಗಲ್ಲ.

ಹೈಸ್ಕೂಲಿನವರಿಗೆ

8ರಿಂದ 10ನೇ ಕ್ಲಾಸಿನವರಿಗೆ ಗುಂಪಲ್ಲಿ ಸಮಾಧಾನ ಹೇಳಿದ್ರೆ ಮುಜುಗರ ಆಗುತ್ತೆ, ಹಿಂದಿನ ಸಾಲಿನವರು ನಗೋಕೆ ಶುರು ಮಾಡ್ತಾರೆ. ಅವರಿಗೆ ಮುವ್ವತ್ತು ಸೆಕೆಂಡ್ ಸಾಕು: ಇವತ್ತಿನ ಟೈಮಿಂಗ್, ಅಳತೆ ಎಲ್ಲಾ ನನ್ನ ಹತ್ರ ಇದೆ, ಬೇಕಾದವರು ನಾಳೆ ಬಂದು ನೋಡಿ. ಬರೋರು ಬರ್ತಾರೆ. ಒಂದು ಎಚ್ಚರ, ಕೈಯಲ್ಲಿ ಒತ್ತಿದ ಸ್ಟಾಪ್‌ವಾಚ್ ಟೈಮಲ್ಲಿ ಒತ್ತುವವರ ಕೈಯಿಂದಾನೇ ಸ್ವಲ್ಪ ಹೆಚ್ಚುಕಮ್ಮಿ ಬರುತ್ತೆ, ಹಾಗಾಗಿ ಹೋದ ವರ್ಷಕ್ಕಿಂತ 0.1 ಸೆಕೆಂಡ್ ಕಮ್ಮಿ ಅನ್ನೋದನ್ನೆಲ್ಲ ದೊಡ್ಡ ಸುದ್ದಿ ಮಾಡ್ಬೇಡಿ. ಲಾಂಗ್ ಜಂಪ್, ಶಾಟ್‌ಪುಟ್ ಅಳತೆ ಟೇಪಲ್ಲಿ ಹಿಡಿದಿದ್ದು, ಅದನ್ನ ಹೋಲಿಸ್ಬಹುದು. ಶಾಟ್‌ಪುಟ್ ಆದ್ರೆ ಗುಂಡಿನ ತೂಕ ಎರಡೂ ವರ್ಷ ಒಂದೇ ಇತ್ತಾ ಅಂತ ನೋಡ್ಕೊಳ್ಳಿ.

ಗೇಟ್ ಹತ್ರ ಪೇರೆಂಟ್ಸ್ ಕೇಳಿದ್ರೆ

"ನಮ್ಮ ಮಗುಗೆ ಸ್ಪೋರ್ಟ್ಸ್ ಆಗಲ್ಲ ಅಲ್ವಾ ಸರ್" ಅಂತ ಮಗು ಕೈ ಹಿಡ್ಕೊಂಡೇ ಕೇಳ್ತಾರೆ. ಚೀಟೀಲಿ ಏನಿದೆಯೋ ಅದನ್ನ ಹೇಳಿ, ಆಮೇಲೆ ಒಂದು ಪ್ರಶ್ನೆ ಕೇಳಿ: ಹುಟ್ಟಿದ ತಿಂಗಳು ಯಾವುದು? ನಮ್ಮಲ್ಲಿ ಸ್ಕೂಲ್ ಸೇರ್ಸೋ ವಯಸ್ಸನ್ನ ಜೂನ್ 1ಕ್ಕೆ ಲೆಕ್ಕ ಹಾಕ್ತಾರೆ, ಹಾಗಾಗಿ ಒಂದೇ ಕ್ಲಾಸಲ್ಲಿ ಜೂನಲ್ಲಿ ಹುಟ್ಟಿದ ಮಗುಗೂ ಮುಂದಿನ ಮೇನಲ್ಲಿ ಹುಟ್ಟಿದ ಮಗುಗೂ ಹೆಚ್ಚುಕಮ್ಮಿ ಒಂದು ವರ್ಷದ ವ್ಯತ್ಯಾಸ ಇರಬಹುದು, 3ನೇ ಕ್ಲಾಸಿನ ಓಟದಲ್ಲಿ ಅದು ಚೆನ್ನಾಗೇ ಕಾಣುತ್ತೆ. 5, 6, 7ನೇ ಕ್ಲಾಸಲ್ಲಿ ಇನ್ನೊಂದು ಸೇರ್ಕೊಳ್ಳುತ್ತೆ, ಕೆಲವರು ದಿಢೀರ್ ಅಂತ ಉದ್ದ ಆಗಿರ್ತಾರೆ, ಹುಡುಗೀರು ಹುಡುಗರಿಗಿಂತ ಸಾಮಾನ್ಯವಾಗಿ ಒಂದೆರಡು ವರ್ಷ ಮೊದಲೇ, ಮಿಕ್ಕಿದವರ ಸರದಿ ಇನ್ನೂ ಬಂದಿರಲ್ಲ. ಇದನ್ನ ಪೇರೆಂಟ್ಸಿಗೆ ಮಾತ್ರ ಹೇಳಿ. ಮಗುಗೆ "ನೀನು ಉದ್ದ ಆದ್ಮೇಲೆ ಗೆಲ್ತೀಯ" ಅಂದ್ರೆ ಅದೂ ಗ್ಯಾರಂಟಿ ಕೊಟ್ಟ ಹಾಗೇನೇ, ಉದ್ದ ಆದ್ಮೇಲೂ ಗೆರೆ ಹತ್ರ ತಲೆ ತಿರುಗಿಸಿದ್ರೆ ಇಬ್ಬರು ದಾಟ್ಕೊಂಡು ಹೋಗ್ತಾರೆ.